ಒಂದು ದಿನ ಮನೆಯಿಂದ ಕೆಲಸ: ಕೋರಿಕೆಯ ಕ್ರಮವೂ ಅದರ ಹಿಂದಿನ ಲೆಕ್ಕವೂ

ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದ ವರ್ತಕ ಬಂಧುಗಳಲ್ಲಿ ಹೆಚ್ಚಿನವರ ಲೆಕ್ಕಪತ್ರಗಳು ಇಂದು ಗಣಕಯಂತ್ರದಲ್ಲಿವೆ. ತೆರಿಗೆ ವಿವರಪಟ್ಟಿಗಳು ಅಂತರ್ಜಾಲದ ಮೂಲಕವೇ ಸಲ್ಲಿಕೆಯಾಗುತ್ತವೆ. ಇದರಿಂದಾಗಿ, ವಿದ್ಯುತ್ ಇಲ್ಲದ ದಿನ ಅಂಗಡಿಯ ವ್ಯಾಪಾರ ಹೇಗೋ ನಡೆದರೂ ಲೆಕ್ಕದ ಮೇಜು ಮಾತ್ರ ನಿಂತುಬಿಡುತ್ತದೆ. ಅಂತಹ ದಿನ ಲೆಕ್ಕಿಗರು "ಇವತ್ತೊಂದು ದಿನ ಮನೆಯಿಂದಲೇ ಮಾಡುತ್ತೇನೆ" ಎಂದು ಕೇಳುವುದು ಸಾಮಾನ್ಯವಾಗುತ್ತಿದೆ. ಮನೆಯಲ್ಲಿ ದುರಸ್ತಿ ಕೆಲಸವಿದ್ದಾಗಲೂ ಇದೇ ಕೋರಿಕೆ ಬರುತ್ತದೆ. ಕೆಲವು ಮಾಲೀಕರು ಇದನ್ನು ರಜೆಯ ಇನ್ನೊಂದು ಹೆಸರೆಂದು ಭಾವಿಸಿ ನಿರಾಕರಿಸುತ್ತಾರೆ. ಮತ್ತೆ ಕೆಲವರು ಏನನ್ನೂ ವಿಚಾರಿಸದೆ ಒಪ್ಪಿ, ಆಮೇಲೆ ಎರಡು ಕಡೆ ಎರಡು ಲೆಕ್ಕಗಳನ್ನು ಇಟ್ಟುಕೊಂಡು ಕಷ್ಟಪಡುತ್ತಾರೆ. ಕೋರಿಕೆ ಹೇಗಿರಬೇಕು ಮತ್ತು ಅದನ್ನು ಯಾವ ಅಳತೆಯಿಂದ ನೋಡಬೇಕು ಎಂಬುದನ್ನು ಒಂದು ಉದಾಹರಣೆಯೊಡನೆ ವಿವರಿಸುವುದು ಈ ಲೇಖನದ ಉದ್ದೇಶ.

ಹಕ್ಕಲ್ಲ, ಒಪ್ಪಂದ

ಮೊದಲಿಗೆ ಕಾನೂನಿನ ಸ್ಥಿತಿ. ಅಂಗಡಿ ಅಥವಾ ವಾಣಿಜ್ಯ ಸಂಸ್ಥೆಯ ನೌಕರನಿಗೆ ವಿದ್ಯುತ್ ಕಡಿತದ ಕಾರಣದಿಂದ ಮನೆಯಿಂದ ಕೆಲಸ ಮಾಡುವ ಹಕ್ಕನ್ನು ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಕೊಟ್ಟಿಲ್ಲ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯು ಮನೆಯಿಂದ ಕೆಲಸದ ಪ್ರಸ್ತಾಪವನ್ನು ಮಾಡಿತು. ಅಲ್ಲಿಯೂ ಹೆರಿಗೆ ರಜೆ ಮುಗಿದ ನಂತರ, ಕೆಲಸದ ಸ್ವರೂಪ ಅವಕಾಶ ಕೊಟ್ಟರೆ, ಉಭಯ ಪಕ್ಷಗಳು ಒಪ್ಪಿದ ಷರತ್ತಿನ ಮೇಲೆ ಎಂಬುದೇ ನಿಯಮವಾಗಿತ್ತು. ಆದ್ದರಿಂದ ನಾವು ಚರ್ಚಿಸುತ್ತಿರುವ ಒಂದು ದಿನದ ವ್ಯವಸ್ಥೆಯು ಮಾಲೀಕ ಮತ್ತು ನೌಕರರ ನಡುವಿನ ಒಪ್ಪಂದವೇ ಹೊರತು ಬೇರೇನಲ್ಲ.

ಆದರೆ ಅದೇ 1961ರ ಕಾಯ್ದೆಯಲ್ಲಿ ಇನ್ನೊಂದು ಉಪಬಂಧವಿದೆ. ಅನಾರೋಗ್ಯ, ಅಪಘಾತ ಅಥವಾ ಬೇರೆ ಸಕಾರಣಕ್ಕಾಗಿ ವರ್ಷಕ್ಕೆ 12 ದಿನಗಳವರೆಗೆ ವೇತನಸಹಿತ ರಜೆ ಪಡೆಯಲು ನೌಕರನು ಅರ್ಹನಾಗಿರುತ್ತಾನೆ. ಇದು ದುಡಿದ ದಿನಗಳ ಲೆಕ್ಕದಲ್ಲಿ ಗಳಿಸುವ ರಜೆಗಿಂತ ಪ್ರತ್ಯೇಕವಾದುದು. ಮಾಲೀಕರು ಕೋರಿಕೆಯನ್ನು ನಿರಾಕರಿಸಿದರೆ ನೌಕರನು ಈ ರಜೆಯನ್ನು ಕೇಳಬಹುದು. ಆಗ ವೇತನವೂ ಹೋಗುತ್ತದೆ, ಆ ದಿನದ ಕೆಲಸವೂ ಉಳಿಯುತ್ತದೆ. ಈ ಕಾರಣದಿಂದ ಮಾಲೀಕರು ಕೇಳಿಕೊಳ್ಳಬೇಕಾದ ಪ್ರಶ್ನೆ "ಬಿಡಬೇಕೋ ಬೇಡವೋ" ಎಂಬುದಲ್ಲ. "ಆ ದಿನ ಯಾವ ಕೆಲಸ ಆಗಲೇಬೇಕು, ಅದು ಎಲ್ಲಿ ಕುಳಿತರೆ ಆಗುತ್ತದೆ" ಎಂಬುದು.

ವಿದ್ಯುತ್ ಹೋಗಿರುವುದು ಎಲ್ಲಿ?

ಕೋರಿಕೆ ಬರೆಯುವ ಮುನ್ನ ತಿಳಿಯಬೇಕಾದ ಮೊದಲ ಸಂಗತಿ ಇದು. ಅಂಗಡಿಯಲ್ಲಿ ವಿದ್ಯುತ್ ಇಲ್ಲ, ಮನೆಯಲ್ಲಿ ಇದೆ ಎಂದಾದರೆ ಮಾತ್ರ ಮನೆಯಿಂದ ಕೆಲಸಕ್ಕೆ ಅರ್ಥವಿದೆ. ಮನೆಯಲ್ಲಿ ಇಲ್ಲ, ಅಂಗಡಿಯಲ್ಲಿ ಇದೆ ಎಂದಾದರೆ ಅಂಗಡಿಗೆ ಬರುವುದೇ ಸರಿ. ಎರಡೂ ಕಡೆ ಇಲ್ಲವಾದರೆ ಸ್ಥಳ ಬದಲಾಯಿಸಿ ಪ್ರಯೋಜನವಿಲ್ಲ, ವೇಳೆ ಬದಲಾಯಿಸಬೇಕು. ಅಂದರೆ ಸಂಜೆ ವಿದ್ಯುತ್ ಬಂದ ಮೇಲೆ ಕುಳಿತು ಮುಗಿಸುವ ಅನುಮತಿಯನ್ನು ಕೇಳಬೇಕು. "ಮನೆಯಲ್ಲಿ ಕರೆಂಟ್ ಇಲ್ಲ, ಆದ್ದರಿಂದ ಮನೆಯಿಂದ ಕೆಲಸ ಮಾಡುತ್ತೇನೆ" ಎಂಬ ಕೋರಿಕೆಗಳೂ ಬರುತ್ತವೆ. ಅಲ್ಲಿ ನಿಜವಾದ ಅಗತ್ಯ ರಜೆಯೇ ಆಗಿರುತ್ತದೆ. ಅದನ್ನು ರಜೆಯೆಂದೇ ಕೇಳುವುದು ಗೌರವ.

ಒಂದೇ ಊರಿನಲ್ಲಿದ್ದರೂ ಅಂಗಡಿ ಮತ್ತು ಮನೆ ಬೇರೆ ಬೇರೆ 11 ಕೆ.ವಿ. ಮಾರ್ಗಗಳಲ್ಲಿರಬಹುದು. ನಮ್ಮ ಭಾಗಕ್ಕೆ ವಿದ್ಯುತ್ ಪೂರೈಸುವ ಜೆಸ್ಕಾಂ, ಉಪಕೇಂದ್ರ ಅಥವಾ ಮಾರ್ಗದ ನಿರ್ವಹಣೆಗಾಗಿ ಮಾಡುವ ಕಡಿತವನ್ನು ಪತ್ರಿಕೆಗಳಲ್ಲಿ ಮುಂಚಿತವಾಗಿ ಪ್ರಕಟಿಸುತ್ತದೆ. ಆ ಪ್ರಕಟಣೆಯಲ್ಲಿ ಉಪಕೇಂದ್ರದ ಹೆಸರು, ಬಾಧಿತ ಪ್ರದೇಶಗಳು ಮತ್ತು ವೇಳೆ ಇರುತ್ತವೆ. ಕಡಿತವಾಗುವುದು ಇಡೀ ಉಪಕೇಂದ್ರವೋ ಒಂದು ಮಾರ್ಗ ಮಾತ್ರವೋ ಎಂಬುದನ್ನು ಗಮನಿಸಬೇಕು. ಉಪಕೇಂದ್ರವೇ ನಿಂತರೆ ಮನೆಯ ಮಾರ್ಗವೂ ನಿಲ್ಲುವ ಸಂಭವ ಹೆಚ್ಚು. ಸಂದೇಹವಿದ್ದರೆ 1912ಕ್ಕೆ ಕರೆ ಮಾಡಿ ವಿಚಾರಿಸಬಹುದು. ತೋಟದ ಮನೆಯಲ್ಲಿ ವಾಸವಿರುವವರು ಇನ್ನೊಂದು ವಿಷಯವನ್ನು ನೋಡಿಕೊಳ್ಳಬೇಕು. ಅವರ ಸಂಪರ್ಕ ಪಂಪ್‌ಸೆಟ್ ಮಾರ್ಗದಿಂದ ಬಂದಿದ್ದರೆ ಹಗಲಿಡೀ ವಿದ್ಯುತ್ ಇರುತ್ತದೆಂದು ನಂಬುವಂತಿಲ್ಲ.

ಮುನ್ಸೂಚನೆಯಿಲ್ಲದ ಕಡಿತದಲ್ಲಿ ಕಾರಣವನ್ನು ತಿಳಿಯುವುದು ಮುಖ್ಯ. ಫ್ಯೂಸ್ ಹೋದದ್ದಾದರೆ ಕೆಲವು ತಾಸುಗಳಲ್ಲಿ ಸರಿಹೋಗುತ್ತದೆ. ವಿತರಣಾ ಪರಿವರ್ತಕ, ಅಂದರೆ ಬೀದಿಯ ಟಿ.ಸಿ. ಸುಟ್ಟಿದ್ದರೆ ಅದು ತಾಸುಗಳ ಮಾತಲ್ಲ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ 2004ರ ಸೇವಾ ಗುಣಮಟ್ಟದ ವಿನಿಯಮಗಳು ಇದನ್ನು ಬದಲಿಸಲು ಪಟ್ಟಣಗಳಲ್ಲಿ 24 ತಾಸು, ಗ್ರಾಮೀಣ ಪ್ರದೇಶಗಳಲ್ಲಿ 72 ತಾಸುಗಳ ಗಡುವನ್ನು ನಿಗದಿಪಡಿಸಿದ್ದವು. ಟಿ.ಸಿ. ಸುಟ್ಟಿದೆ ಎಂದು ತಿಳಿದ ಮೇಲೂ "ಈಗ ಬರಬಹುದು" ಎಂದು ಮಧ್ಯಾಹ್ನದವರೆಗೆ ಕಾದು ಕುಳಿತರೆ ಅರ್ಧ ದಿನ ವ್ಯರ್ಥವಾಗುತ್ತದೆ.

ಯು.ಪಿ.ಎಸ್., ಇನ್ವರ್ಟರ್ ಮತ್ತು ದೂರ ಸಂಪರ್ಕ

"ಅಂಗಡಿಯಲ್ಲಿ ಯು.ಪಿ.ಎಸ್. ಇದೆಯಲ್ಲ" ಎಂಬುದು ಮಾಲೀಕರ ಸಹಜವಾದ ಮಾತು. ಗಣಕಯಂತ್ರದ ಪಕ್ಕದ ಸಣ್ಣ ಯು.ಪಿ.ಎಸ್. ಕಡತವನ್ನು ಉಳಿಸಿ ಯಂತ್ರವನ್ನು ಸರಿಯಾಗಿ ಆರಿಸಲು ಇರುವಂಥದು. ಅದರ ಆಯುಷ್ಯ ನಿಮಿಷಗಳಲ್ಲಿ. ಇನ್ವರ್ಟರ್ ಇದ್ದರೆ ಲೆಕ್ಕ ಬೇರೆ. 12 ವೋಲ್ಟ್‌ನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಸುಮಾರು 1,800 ವ್ಯಾಟ್-ಅವರ್ ಶಕ್ತಿ ಇರುತ್ತದೆ. ನಷ್ಟಗಳನ್ನು ಕಳೆದು, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡದೆ ಬಳಸಿದರೆ ಸಿಗುವುದು ಸುಮಾರು 1,200. ಗಣಕಯಂತ್ರ, ಒಂದು ಫ್ಯಾನು, ಒಂದು ದೀಪ ಮತ್ತು ಅಂತರ್ಜಾಲದ ಪೆಟ್ಟಿಗೆ ಸೇರಿ 270 ವ್ಯಾಟ್ ಬೇಕೆಂದರೆ ಅದು ನಾಲ್ಕೂವರೆ ತಾಸು ನಡೆಯುತ್ತದೆ. ಮೂರು ನಾಲ್ಕು ವರ್ಷ ಹಳೆಯದಾದ ಬ್ಯಾಟರಿಯಾದರೆ ಅರ್ಧಕ್ಕಿಂತ ಹೆಚ್ಚು ನೆಚ್ಚಿಕೊಳ್ಳಬಾರದು. ಅಂದರೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗಿನ ಕಡಿತಕ್ಕೆ ಇನ್ವರ್ಟರ್ ಪೂರ್ತಿ ಉತ್ತರವಲ್ಲ.

ಇನ್ನೊಂದು ಅಂಶವನ್ನು ಅನೇಕರು ಮರೆಯುತ್ತಾರೆ. ಮನೆಯಿಂದ ಅಂಗಡಿಯ ಗಣಕಯಂತ್ರವನ್ನು ಅಂತರ್ಜಾಲದ ಮೂಲಕ ತೆರೆದು ಕೆಲಸ ಮಾಡುವ ತಂತ್ರಾಂಶಗಳು ಬಳಕೆಯಲ್ಲಿವೆ. ಅವು ಉಪಯುಕ್ತವೇ. ಆದರೆ ಅಂಗಡಿಯಲ್ಲಿ ವಿದ್ಯುತ್ ಹೋದಾಗ ಅಲ್ಲಿಯ ಗಣಕಯಂತ್ರವೂ ಆರಿರುತ್ತದೆ. ಆರಿದ ಯಂತ್ರವನ್ನು ಮನೆಯಿಂದ ತೆರೆಯಲಾಗದು. ಯಾವ ದಿನಕ್ಕಾಗಿ ಆ ಏರ್ಪಾಟನ್ನು ಮಾಡಿಕೊಂಡಿದ್ದೇವೋ ಅದೇ ದಿನ ಅದು ಕೈಕೊಡುತ್ತದೆ. ಆದ್ದರಿಂದ ಬೇಕಾದ ಮಾಹಿತಿಯನ್ನು ಹಿಂದಿನ ಸಂಜೆಯೇ ತೆಗೆದಿಟ್ಟುಕೊಳ್ಳಬೇಕು. ಕೋರಿಕೆಯನ್ನೂ ಅದಕ್ಕಾಗಿಯೇ ಹಿಂದಿನ ದಿನ ಸಲ್ಲಿಸಬೇಕು.

ಒಂದು ಉದಾಹರಣೆ

ಸಿಂಧನೂರಿನ ಒಬ್ಬ ಕೀಟನಾಶಕ ಸಗಟು ವ್ಯಾಪಾರಿಯನ್ನು ಕಲ್ಪಿಸಿಕೊಳ್ಳೋಣ. ಭತ್ತದ ಹಂಗಾಮಿನಲ್ಲಿ ಸೆಪ್ಟೆಂಬರ್ ತಿಂಗಳು ಮಸ್ಕಿ, ತುರ್ವಿಹಾಳ, ಲಿಂಗಸುಗೂರುಗಳ 24 ಚಿಲ್ಲರೆ ಅಂಗಡಿಗಳಿಗೆ ಅವರು 12,00,000 ರೂಪಾಯಿಗಳ ಮಾಲು ಮಾರಿದ್ದಾರೆ. ಶೇಕಡ 18ರ ದರದಲ್ಲಿ ತೆರಿಗೆ 2,16,000 ರೂಪಾಯಿ. ಈ ಮಾರಾಟದ ವಿವರಪಟ್ಟಿ, ಅಂದರೆ ಜಿಎಸ್‌ಟಿಆರ್-1, ಅಕ್ಟೋಬರ್ 11ರೊಳಗೆ ಸಲ್ಲಬೇಕು. ಅಕ್ಟೋಬರ್ 10ರಂದು ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಅಂಗಡಿಯ ಮಾರ್ಗದಲ್ಲಿ ಕಡಿತವೆಂದು ಪ್ರಕಟಣೆ ಬಂದಿದೆ. ಲೆಕ್ಕಿಗರ ಮನೆ ಬೇರೆ ಮಾರ್ಗದಲ್ಲಿದೆ.

ಒಂದು ದಿನ ತಡವಾದರೆ ನಷ್ಟವೆಷ್ಟು? ಕಾನೂನಿನಂತೆ ವಿಳಂಬ ಶುಲ್ಕ ದಿನಕ್ಕೆ 50 ರೂಪಾಯಿ. ಇಷ್ಟನ್ನೇ ನೋಡಿದರೆ "ನಾಡಿದ್ದು ಮಾಡಿದರಾಯಿತು" ಎನಿಸುವುದು ಸಹಜ. ನಿಜವಾದ ನಷ್ಟ ಬೀಳುವುದು ಕೊಂಡವರ ಮೇಲೆ. 2022ರ ಜನವರಿ 1ರಿಂದ, ಮಾರಿದವರು ಸಲ್ಲಿಸಿದ ಬಿಲ್ಲು ಕೊಂಡವರ ಜಿಎಸ್‌ಟಿಆರ್-2ಬಿ ತಃಖ್ತೆಯಲ್ಲಿ ಕಂಡರೆ ಮಾತ್ರ ಅವರಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯುತ್ತದೆ. ಗಡುವು ವಿಸ್ತರಣೆಯಾಗದ ತಿಂಗಳಿನಲ್ಲಿ, ಮಾಸಿಕ ಸಲ್ಲಿಕೆದಾರರು 11ರವರೆಗೆ ಸಲ್ಲಿಸಿದ ಬಿಲ್ಲುಗಳು ಆ ತಿಂಗಳ ತಃಖ್ತೆಗೆ ಸೇರುತ್ತವೆ. 12ರಂದು ಸಲ್ಲಿಸಿದವು ಮುಂದಿನ ತಿಂಗಳಿಗೆ ಹೋಗುತ್ತವೆ. ಅಂದರೆ ನಮಗೆ ಒಂದು ದಿನದ ವಿಳಂಬ, ಅವರಿಗೆ ಒಂದು ತಿಂಗಳ ವಿಳಂಬ.

ಮಸ್ಕಿಯ ಒಬ್ಬ ಚಿಲ್ಲರೆ ವ್ಯಾಪಾರಿ ಇವರಿಂದ 1,00,000 ರೂಪಾಯಿಗಳ ಮಾಲು ಕೊಂಡಿದ್ದಾರೆನ್ನೋಣ, ತೆರಿಗೆ 18,000. ಅವರು ಆ ತಿಂಗಳ ತಮ್ಮ ಮಾರಾಟದ ಮೇಲೆ ಕಟ್ಟಬೇಕಾದ ತೆರಿಗೆ 25,000. ಜಮೆ ದೊರೆತರೆ ಅಕ್ಟೋಬರ್ 20ರಂದು 7,000 ಕಟ್ಟುತ್ತಾರೆ. ದೊರೆಯದಿದ್ದರೆ 25,000 ಪೂರ್ತಿ ನಗದಾಗಿ ಕಟ್ಟಬೇಕು. ಜಮೆ ಮುಂದಿನ ತಿಂಗಳು ಬರುತ್ತದೆ, ನಿಜ. ಆದರೆ ಹಂಗಾಮಿನಲ್ಲಿ 18,000 ರೂಪಾಯಿ ಒಂದು ತಿಂಗಳು ಸಿಕ್ಕಿಬಿದ್ದಂತಾಯಿತು. ಎಲ್ಲರೂ ಮಾಸಿಕ ಸಲ್ಲಿಕೆದಾರರೆಂದು ಹಿಡಿದರೆ 24 ಅಂಗಡಿಗಳದ್ದೂ ಸೇರಿ 2,16,000. ನೂರಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿ ಬಡ್ಡಿ ಹಿಡಿದರೂ 3,240 ರೂಪಾಯಿ. 50 ರೂಪಾಯಿ ನಮ್ಮ ಪುಸ್ತಕದಲ್ಲಿ ಕಾಣುತ್ತದೆ. 3,240 ರೂಪಾಯಿ ಬೇರೆಯವರ ಪುಸ್ತಕದಲ್ಲಿರುವುದರಿಂದ ನಮಗೆ ಕಾಣುವುದಿಲ್ಲ. ಅದು ಕಾಣುವುದು ಮುಂದಿನ ಖರೀದಿಗೆ ಅವರು ಬೇರೆ ಸಗಟು ವ್ಯಾಪಾರಿಯ ಬಾಗಿಲಿಗೆ ಹೋದಾಗ.

ಹಾಗಿದ್ದರೆ 11ರಂದೇ ಅಂಗಡಿಯಲ್ಲಿ ಕುಳಿತು ಸಲ್ಲಿಸಬಾರದೇ? ಸಲ್ಲಿಸಬಹುದು. ಆದರೆ ಕೊನೆಯ ದಿನ ಪೋರ್ಟಲ್ ನಿಧಾನವಾದರೆ ಅಥವಾ ದುರಸ್ತಿ ಮುಗಿಯದೆ ಕಡಿತ ಮುಂದುವರಿದರೆ ಕೈಯಲ್ಲಿ ಇನ್ನೊಂದು ದಿನ ಉಳಿದಿರುವುದಿಲ್ಲ. 10ರಂದು ಮನೆಯಿಂದ ಸಲ್ಲಿಸಿ 11ನ್ನು ಕಾಯ್ದಿಟ್ಟ ದಿನವನ್ನಾಗಿ ಉಳಿಸಿಕೊಳ್ಳುವುದೇ ಈ ಕೋರಿಕೆಯ ಸಮರ್ಥನೆ.

ಕೋರಿಕೆಯ ನಮೂನೆ

ಮೇಲಿನ ಉದಾಹರಣೆಯ ಲೆಕ್ಕಿಗರು 9ನೆಯ ತಾರೀಖಿನ ಮಧ್ಯಾಹ್ನವೇ ಈ ಕೆಳಗಿನಂತೆ ಬರೆದು ಕೊಡಬಹುದು.

"ಮಾನ್ಯ ಮಾಲೀಕರಿಗೆ,

ವಿಷಯ: ದಿನಾಂಕ 10ರಂದು ಮನೆಯಿಂದ ಕೆಲಸ ಮಾಡಲು ಅನುಮತಿ ಕೋರಿ.

ಜೆಸ್ಕಾಂ ಪ್ರಕಟಣೆಯಂತೆ ನಾಳೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ನಮ್ಮ ಅಂಗಡಿಯ ಮಾರ್ಗದಲ್ಲಿ ವಿದ್ಯುತ್ ಇರುವುದಿಲ್ಲ. ನನ್ನ ಮನೆಯ ಮಾರ್ಗದಲ್ಲಿ ಕಡಿತವಿಲ್ಲವೆಂದು 1912ಕ್ಕೆ ಕರೆ ಮಾಡಿ ಖಚಿತಪಡಿಸಿಕೊಂಡಿದ್ದೇನೆ. ಸೆಪ್ಟೆಂಬರ್ ತಿಂಗಳ ಜಿಎಸ್‌ಟಿಆರ್-1 ಸಲ್ಲಿಸಲು 11 ಕೊನೆಯ ದಿನವಾಗಿದೆ. ಇಂದು ಸಂಜೆ ಬಿಲ್ಲುಗಳನ್ನೂ ಮಾಲು ವಾಪಸಾತಿಯ ಕ್ರೆಡಿಟ್ ನೋಟ್‌ಗಳನ್ನೂ ತಾಳೆ ನೋಡಿ, ಒಟ್ಟು ಮೊತ್ತದ ಪಟ್ಟಿಗೆ ತಮ್ಮ ಸಹಿ ಪಡೆದು, ಸಲ್ಲಿಕೆಯ ಕಡತವನ್ನು ಮಾತ್ರ ತೆಗೆದುಕೊಂಡು ಹೋಗುತ್ತೇನೆ. ನಾಳೆ ಮಧ್ಯಾಹ್ನ 12ಕ್ಕೆ ತಮ್ಮ ಮೊಬೈಲಿಗೆ ಬರುವ ಓಟಿಪಿಯನ್ನು ತಿಳಿಸಬೇಕಾಗಿ ವಿನಂತಿ. 2ರೊಳಗೆ ಸ್ವೀಕೃತಿ ಸಂಖ್ಯೆಯನ್ನು ತಮಗೆ ಕಳುಹಿಸುತ್ತೇನೆ; ಸಲ್ಲಿಕೆ ಆಗದಿದ್ದರೆ ಅದನ್ನೂ 2ಕ್ಕೆ ತಿಳಿಸಿ, 11ರಂದು ಬೆಳಿಗ್ಗೆ 9ಕ್ಕೆ ಅಂಗಡಿಗೆ ಬರುತ್ತೇನೆ. ನಾಳಿನ ಬ್ಯಾಂಕ್ ಕೆಲಸ ಮತ್ತು ನಗದು ಪುಸ್ತಕ ಮನೆಯಿಂದ ಆಗುವುದಿಲ್ಲ. ಅವನ್ನು 11ರಂದು ಮಾಡುತ್ತೇನೆ. ಇಡೀ ದಿನ ಫೋನಿಗೆ ಸಿಗುತ್ತೇನೆ."

ಈ ಪತ್ರದಲ್ಲಿ ವಿನಯದ ಮಾತುಗಳು ಕಡಿಮೆ, ಸಂಗತಿಗಳು ಹೆಚ್ಚು. ಯಾವ ಕೆಲಸ ಆಗುತ್ತದೆ ಎಂಬುದರ ಜೊತೆಗೆ ಯಾವುದು ಆಗುವುದಿಲ್ಲ ಎಂಬುದನ್ನೂ ಹೇಳಿದೆ. ಮಾಲೀಕರ ವಿಶ್ವಾಸ ಗಳಿಸುವುದು ಆ ಎರಡನೆಯ ಭಾಗವೇ. ಕೆಲಸ ಕೆಟ್ಟರೆ ಯಾವ ವೇಳೆಗೆ ತಿಳಿಸುತ್ತೇನೆ ಎಂಬುದೂ ಇರುವುದರಿಂದ, ಸಂಜೆಯವರೆಗೆ ಕಾದು ನಿರಾಶರಾಗುವ ಪ್ರಸಂಗ ಬರುವುದಿಲ್ಲ.

ಸಣ್ಣ ಅಂಗಡಿಗಳಲ್ಲಿ ಯಾರೂ ಪತ್ರ ಬರೆಯುವುದಿಲ್ಲ, ಬಾಯಿಮಾತಿನಲ್ಲಿಯೇ ಕೇಳುತ್ತಾರೆ. ಅದರಿಂದ ಬಾಧೆಯಿಲ್ಲ, ಸಂಗತಿಗಳು ಬಿಟ್ಟುಹೋಗಬಾರದು ಅಷ್ಟೆ. "ಸಾವ್ಕಾರ್ರೀ, ನಾಳೆ ಹತ್ತರಿಂದ ಐದರತನ ಅಂಗಡಿ ಲೈನಿಗೆ ಕರೆಂಟ್ ಇರಂಗಿಲ್ರೀ. ಮನ್ಯಾಗ ಐತಿ, ವಿಚಾರಿಸೀನಿ. ರಿಟರ್ನ್ ಅಲ್ಲಿಂದ ಹಾಕ್ತೀನ್ರೀ. ಹನ್ನೆರಡಕ್ಕ ನಿಮ್ಮ ಫೋನಿಗೆ ಓಟಿಪಿ ಬರತೈತಿ, ಎರಡಕ್ಕ ಆತೋ ಇಲ್ಲೋ ಹೇಳ್ತೀನಿ" ಎಂದರೆ ಪತ್ರದ ಸಾರವೆಲ್ಲ ಬಂದಂತೆಯೇ.

ಪುಸ್ತಕ ಒಂದೇ ಕಡೆ ಇರಲಿ

ಇಂತಹ ದಿನಗಳಲ್ಲಿ ಲೆಕ್ಕ ಕೆಡುವುದು ಸಾಮಾನ್ಯವಾಗಿ ಒಂದೇ ರೀತಿಯಲ್ಲಿ. ಲೆಕ್ಕಿಗರು ಟ್ಯಾಲಿಯ ಪೂರ್ತಿ ದತ್ತಾಂಶವನ್ನು ಪೆನ್‌ಡ್ರೈವ್‌ನಲ್ಲಿ ಮನೆಗೆ ಒಯ್ದು ಅಲ್ಲಿ ನಮೂದು ಮಾಡುತ್ತಾರೆ. ಇತ್ತ ಇನ್ವರ್ಟರ್ ಮೇಲೆ ಅಂಗಡಿಯಲ್ಲಿ ಇನ್ನೊಬ್ಬರು ಆ ದಿನದ ಬಿಲ್ಲುಗಳನ್ನು ಹಾಕುತ್ತಾರೆ. ಮರುದಿನ ಮನೆಯ ಪ್ರತಿಯನ್ನು ಅಂಗಡಿಯ ಪ್ರತಿಯ ಮೇಲೆ ಹೇರಿದರೆ ಅಂಗಡಿಯಲ್ಲಿ ಹಾಕಿದ ಬಿಲ್ಲುಗಳು ಅಳಿಸಿಹೋಗುತ್ತವೆ. ಹೇರದಿದ್ದರೆ ಮನೆಯ ನಮೂದುಗಳು ಸೇರುವುದಿಲ್ಲ. ಬಿಲ್ಲಿನ ಕ್ರಮಸಂಖ್ಯೆ ನಡುವೆ ತಪ್ಪಿರುವುದು ಅಥವಾ ಒಂದೇ ಸಂಖ್ಯೆ ಎರಡು ಬಾರಿ ಬಂದಿರುವುದು ಇದರ ಗುರುತು. ದಾಸ್ತಾನಿನ ಲೆಕ್ಕ ಗೋದಾಮಿನ ಎಣಿಕೆಗೆ ಕೂಡದಿರುವುದು ಇನ್ನೊಂದು ಗುರುತು.

ಆದ್ದರಿಂದ ಉದಾಹರಣೆಯ ಪತ್ರದಲ್ಲಿ "ಸಲ್ಲಿಕೆಯ ಕಡತವನ್ನು ಮಾತ್ರ" ಎಂದು ಬರೆಯಲಾಗಿದೆ. ಪುಸ್ತಕ ಅಂಗಡಿಯಲ್ಲಿಯೇ ಉಳಿಯುತ್ತದೆ. ಮನೆಗೆ ಹೋಗುವುದು ಅದರಿಂದ ಹೊರತೆಗೆದ, ಬದಲಾಯಿಸಬೇಕಾಗಿಲ್ಲದ ಒಂದು ಕಡತ. ಮನೆಯಲ್ಲಿ ಪೋರ್ಟಲ್‌ಗೆ ಅದನ್ನು ಏರಿಸಿದ ಮೇಲೆ, ಅಲ್ಲಿ ಕಾಣುವ ಒಟ್ಟು ಮೊತ್ತವನ್ನು ಸಹಿಯಾದ ಪಟ್ಟಿಯೊಡನೆ ತಾಳೆ ನೋಡಬೇಕು. ನಮ್ಮ ಉದಾಹರಣೆಯಲ್ಲಿ 12,00,000 ಮತ್ತು 2,16,000 ಎರಡೂ ಕೂಡಿದರೆ ಸಲ್ಲಿಸಬೇಕು. ಕೂಡದಿದ್ದರೆ ಮನೆಯಲ್ಲಿ ತಿದ್ದಲು ಹೋಗದೆ ಫೋನಿನಲ್ಲಿ ತಿಳಿಸಬೇಕು. ತಪ್ಪಿರುವ ಮೂಲ ಅಂಗಡಿಯಲ್ಲಿದೆ. ತಿದ್ದುಪಡಿಯೂ ಅಲ್ಲಿಯೇ ಆಗಬೇಕು.

ಮಾಲೀಕರ ಕಡೆಯಿಂದಲೂ ಒಂದು ಸಿದ್ಧತೆ ಬೇಕು. ಏಕಮಾಲೀಕತ್ವದ ಅಥವಾ ಪಾಲುದಾರಿಕೆಯ ಸಂಸ್ಥೆಗಳು ಓಟಿಪಿಯಿಂದ ವಿವರಪಟ್ಟಿ ಸಲ್ಲಿಸಬಹುದು. ಓಟಿಪಿ ಬರುವುದು ಅಧಿಕೃತ ಸಹಿದಾರರ ಮೊಬೈಲಿಗೆ. ಅಂಗಡಿಯಲ್ಲಿ ವಿದ್ಯುತ್ ಇಲ್ಲದ ದಿನ ಅವರ ಮೊಬೈಲ್ ಚಾರ್ಜ್ ಇಲ್ಲದೆ ಆರಿದ್ದರೆ ಮನೆಯಲ್ಲಿ ಎಲ್ಲವೂ ಸರಿಯಿದ್ದೂ ಸಲ್ಲಿಕೆ ನಿಲ್ಲುತ್ತದೆ. ಕಂಪನಿಗಳು ಮತ್ತು ಎಲ್‌ಎಲ್‌ಪಿಗಳಾದರೆ ಡಿಜಿಟಲ್ ಸಹಿಯ ಟೋಕನ್ ಬೇಕೇ ಬೇಕು. ಅದನ್ನು ನೌಕರರ ಕೈಗೆ ಕೊಟ್ಟು ಕಳುಹಿಸುವುದು ಸಹಿ ಮಾಡಿದ ಖಾಲಿ ಚೆಕ್ಕನ್ನು ಕೊಟ್ಟಂತೆ. ಅಂತಹ ಸಂಸ್ಥೆಗಳಲ್ಲಿ ಕಡತವನ್ನು ಏರಿಸುವವರೆಗಿನ ಕೆಲಸ ಮನೆಯಿಂದ ಆಗಲಿ, ಸಹಿಯ ಹೆಜ್ಜೆಯನ್ನು ನಿರ್ದೇಶಕರು ತಾವಿರುವ ಕಡೆಯಿಂದ ತಾವೇ ಮುಗಿಸಲಿ.

ಮನೆ ದುರಸ್ತಿಯ ದಿನ

ದುರಸ್ತಿಯ ಕಾರಣಕ್ಕೆ ಬರುವ ಕೋರಿಕೆಯಲ್ಲಿ ಪ್ರಶ್ನೆ ಬೇರೆ. ಕೆಲಸಗಾರರು ಬಂದಾಗ ಮನೆಯಲ್ಲಿ ಯಾರಾದರೂ ಇರಬೇಕು ಎಂಬುದಷ್ಟೇ ಅಗತ್ಯವೋ, ಅಥವಾ ಕೆಲಸದ ಮೇಲೆ ನಿಂತು ನೋಡಬೇಕೋ? ನೀರಿನ ಟ್ಯಾಂಕಿನ ನಲ್ಲಿ ಬದಲಿಸುವುದು, ಹೊರಗೋಡೆಗೆ ಗಿಲಾವು ಮಾಡುವುದು ಮೊದಲನೆಯ ಬಗೆ. ಬಾಗಿಲು ತೆರೆದು, ನಡುನಡುವೆ ಒಮ್ಮೆ ನೋಡಿದರೆ ಸಾಕು. ಅಂದು ಮನೆಯಿಂದ ಕೆಲಸ ಆಗುತ್ತದೆ. ಮಾಳಿಗೆಯ ಸೋರಿಕೆಗೆ ಕಾಂಕ್ರೀಟ್ ಹಾಕಿಸುವುದು ಎರಡನೆಯ ಬಗೆ. ಸಿಮೆಂಟಿನ ಪ್ರಮಾಣ, ಇಳಿಜಾರು ಎಲ್ಲವನ್ನೂ ನಿಂತು ನೋಡಬೇಕಾಗುತ್ತದೆ. ಅಂದು ಲೆಕ್ಕ ಮತ್ತು ಮಾಳಿಗೆ ಎರಡೂ ಕೆಡುವುದಕ್ಕಿಂತ ರಜೆ ಪಡೆಯುವುದು ಲೇಸು. ವೈರಿಂಗ್ ದುರಸ್ತಿಯಾದರೆ ಮನೆಯ ಮೇನ್ ಸ್ವಿಚ್ ಆರಿಸಿಯೇ ಕೆಲಸ ಮಾಡುವರಾದ್ದರಿಂದ ಮನೆಯಿಂದ ಕೆಲಸದ ಮಾತೇ ಇಲ್ಲ.

ಕೆಲಸಗಾರರು ಹೇಳಿದ ವೇಳೆಗೆ ಬಾರದಿರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಆದ್ದರಿಂದ ದುರಸ್ತಿಯ ಕೋರಿಕೆಯಲ್ಲಿ "ಮಧ್ಯಾಹ್ನ 1ರವರೆಗೆ ಅವರು ಬಾರದಿದ್ದರೆ ಅಂಗಡಿಗೆ ಬರುತ್ತೇನೆ" ಎಂಬ ಒಂದು ಸಾಲು ಇರಬೇಕು. ಇಲ್ಲವಾದರೆ ಅದೇ ಕಾರಣಕ್ಕೆ ಮರುದಿನವೂ ಅದೇ ಕೋರಿಕೆ ಬರುತ್ತದೆ.

ಹಾಜರಿ ಪುಸ್ತಕದಲ್ಲಿ

ಒಪ್ಪಿಗೆ ಕೊಟ್ಟ ದಿನವನ್ನು ಹಾಜರಿ ಪುಸ್ತಕದಲ್ಲಿ ಕೆಲಸದ ದಿನವೆಂದೇ ಬರೆದು, ಷರಾ ಕಲಮಿನಲ್ಲಿ "ಮನೆಯಿಂದ" ಎಂದು ನಮೂದಿಸಿ ಕೋರಿಕೆಯ ಪತ್ರವನ್ನು ಅಥವಾ ಮೊಬೈಲ್ ಸಂದೇಶದ ಮುದ್ರಿತ ಪ್ರತಿಯನ್ನು ಕಡತದಲ್ಲಿಡಬೇಕು. ಒಪ್ಪಿದ ಮೇಲೆ, ಪೋರ್ಟಲ್ ಕೆಟ್ಟು ಕೆಲಸ ಮುಗಿಯಲಿಲ್ಲವೆಂದು ಆ ದಿನವನ್ನು ರಜೆಗೆ ತಿರುಗಿಸುವುದು ಸರಿಯಲ್ಲ. ನೌಕರನು 2 ಗಂಟೆಗೆ ತಿಳಿಸುತ್ತೇನೆಂದು ಹೇಳಿ ತಿಳಿಸಿದ್ದರೆ ತನ್ನ ಪಾಲಿನ ಒಪ್ಪಂದವನ್ನು ಪೂರೈಸಿದಂತೆ. ತಿಳಿಸದೆ ಸುಮ್ಮನಿದ್ದರೆ ಆ ಸಂಗತಿಯನ್ನೂ ಅದೇ ಷರಾದಲ್ಲಿ ಬರೆದಿಡಬಹುದು. ಮುಂದಿನ ಬಾರಿ ಕೋರಿಕೆ ಬಂದಾಗ, ಒಪ್ಪುವುದಕ್ಕೋ ನಿರಾಕರಿಸುವುದಕ್ಕೋ ಮಾಲೀಕರ ಮುಂದೆ ಆಧಾರವಿರುತ್ತದೆ.